ಅಪ್ಪನಿಗೆ ಸಿರೋಸಿಸ್ ಇದೆ, ಮೋಷನ್‌ನಲ್ಲಿ ರಕ್ತ ಹೋಗ್ತಿದೆ: ಇದು ಪೈಲ್ಸಾ, ರೆಕ್ಟಲ್ ವೇರಿಸಸ್ಸಾ?

ಪ್ರಶ್ನೆ: ಸರ್, ನಮ್ಮಪ್ಪನಿಗೆ 56 ವರ್ಷ, ಲಿವರ್ ಸಿರೋಸಿಸ್ ಇದೆ. ಹೋದ ವರ್ಷ ರಕ್ತ ವಾಂತಿ ಆಗಿ ಅನ್ನನಾಳಕ್ಕೆ ಬ್ಯಾಂಡ್ ಹಾಕ್ಸಿದ್ವಿ. ಈಗ ಎರಡು ವಾರದಿಂದ ಮೋಷನ್‌ಗೆ ಹೋದಾಗೆಲ್ಲ ರಕ್ತ ಬರ್ತಿದೆ, ನೋವಿಲ್ಲ. ರಾಜಾಜಿನಗರದಲ್ಲಿ ನಮ್ಮನೆ ಹತ್ರ ಇರೋ ಪೈಲ್ಸ್ ಕ್ಲಿನಿಕ್‌ನವರು ನೋಡಿ, ಶನಿವಾರ ಲೇಸರ್ ಮಾಡ್ಬಿಡೋಣ, ಸಾಯಂಕಾಲ ಮನೆಗೆ ಹೋಗ್ಬಹುದು ಅಂದಿದಾರೆ. ಮಾಡಿಸ್ಬಹುದಾ?

ಉತ್ತರ: ಶನಿವಾರದ ಲೇಸರ್ ಬೇಡಮ್ಮ, ಇವತ್ತೇ ಫೋನ್ ಮಾಡಿ ಕ್ಯಾನ್ಸಲ್ ಮಾಡ್ಸಿ. ಅದು ಪೈಲ್ಸ್ ಅಲ್ಲವೇ ಅಲ್ಲ ಅಂತ ನಾನು ಹೇಳ್ತಿಲ್ಲ, ಪೈಲ್ಸೇ ಇರಬಹುದು. ಆದ್ರೆ ಸಿರೋಸಿಸ್ ಇದ್ದು, ಅದ್ರಲ್ಲೂ ಒಂದ್ಸಲ ಅನ್ನನಾಳದ ವೇರಿಸಸ್, ಅಂದ್ರೆ ಊದಿಕೊಂಡ ರಕ್ತನಾಳ, ಒಡೆದು ರಕ್ತ ವಾಂತಿ ಆಗಿರೋರಲ್ಲಿ, ಅದೇ ಜಾಗದಿಂದ ಅದೇ ತರ ನೋವಿಲ್ಲದೆ ರಕ್ತ ಬರಿಸೋ ಇನ್ನೊಂದು ಕಾಯಿಲೆ ಇದೆ, ರೆಕ್ಟಲ್ ವೇರಿಸಸ್ ಅಂತ, ಅಂದ್ರೆ ಗುದನಾಳದ ವೇರಿಸಸ್. ಎರಡರಲ್ಲಿ ಯಾವುದು ಅಂತ ಗೊತ್ತಾಗೋ ತನಕ ಅಲ್ಲಿಗೆ ಲೇಸರ್ ಆಗ್ಲಿ ಬ್ಯಾಂಡ್ ಆಗ್ಲಿ ಇಂಜೆಕ್ಷನ್ ಆಗ್ಲಿ ಕತ್ತರಿ ಆಗ್ಲಿ ಯಾವುದನ್ನೂ ತಾಗಿಸಬಾರದು. ಕ್ಲಿನಿಕ್‌ನವರಿಗೆ ನೀವು ಸಿರೋಸಿಸ್ ವಿಷ್ಯ ಹೇಳಿದ್ರಾ ಇಲ್ವಾ ಅಂತ ಬರೆದಿಲ್ಲ. ಹೇಳಿಲ್ಲ ಅಂದ್ರೆ ಮೊದ್ಲು ಅದನ್ನ ಹೇಳಿ, ಕೇಳಿದ ಮೇಲೆ ಬಹಳಷ್ಟು ಜನ ಅವರಾಗೇ ನಿಲ್ಲಿಸ್ತಾರೆ.

ಮೊದ್ಲು ಪೈಲ್ಸ್ ಅಂದ್ರೆ ಏನು ಅಂತ ನೋಡೋಣ, ಯಾಕಂದ್ರೆ ಗೊಂದಲ ಶುರು ಆಗೋದೇ ಇಲ್ಲಿ. ಮಲದ್ವಾರದ ಒಳಗೆ, ಬಾಗಿಲಲ್ಲೇ ಅನ್ನೋ ಹಾಗೆ, ನಮಗೆಲ್ಲರಿಗೂ ಹುಟ್ಟಿನಿಂದಲೇ ಮೂರು ಮೆತ್ತನೆ ದಿಂಡು ಇರುತ್ತೆ, ಗ್ಯಾಸ್ ಮತ್ತು ಮಲ ಸೋರದ ಹಾಗೆ ಬಿಗಿಯಾಗಿ ಮುಚ್ಚಿಕೊಳ್ಳೋಕೆ ಅವು ಬೇಕು. ವರ್ಷಗಟ್ಟಲೆ ಮುಕ್ಕಿ ಮುಕ್ಕಿ ಅವುಗಳ ಹಿಡಿತ ಸಡಿಲ ಆಗಿ, ಊದಿಕೊಂಡು ಕೆಳಗೆ ಜಾರಿದ್ರೆ ಅದನ್ನೇ ಪೈಲ್ಸ್, ಮೂಲವ್ಯಾಧಿ ಅಂತೀವಿ. ಗಟ್ಟಿ ಮಲ ಉಜ್ಜಿದಾಗ ಅದರ ಮೇಲಿನ ಪೊರೆ ಗೀರಿ ರಕ್ತ ಬರುತ್ತೆ. ಒಳಗೆ ಶುದ್ಧ ರಕ್ತ ತರೋ ನಾಳಗಳೂ ಸೇರಿಕೊಂಡಿರೋದ್ರಿಂದ ಬಣ್ಣ ಕೆಂಪಗೆ ಹೊಳೀತಾ ಇರುತ್ತೆ. ಇಷ್ಟರಲ್ಲಿ ಲಿವರ್‌ದು ಏನೂ ಪಾತ್ರ ಇಲ್ಲ. ಲಿವರ್ ಕೆಟ್ಟಿರೋರಿಗೆ ಪೈಲ್ಸ್ ಜಾಸ್ತಿ ಬರುತ್ತೆ ಅನ್ನೋದು ಡಾಕ್ಟರುಗಳೂ ಬಹಳ ಕಾಲ ನಂಬಿಕೊಂಡು ಬಂದಿದ್ದ ಮಾತು, ಪರೀಕ್ಷೆ ಮಾಡಿ ನೋಡಿದಾಗ ಉಳಿದವರಿಗೆ ಬರೋಷ್ಟೇ ಅವರಿಗೂ ಬರೋದು ಅಂತ ಗೊತ್ತಾಯ್ತು.

ಇನ್ನು ವೇರಿಸಸ್. ನಮ್ಮ ಹೊಟ್ಟೆ, ಕರುಳು, ಗುಲ್ಮ ಎಲ್ಲದರ ರಕ್ತ ನೇರ ಹೃದಯಕ್ಕೆ ಹೋಗಲ್ಲ, ಪೋರ್ಟಲ್ ವೇನ್ ಅನ್ನೋ ದೊಡ್ಡ ನಾಳ ಸೇರಿ ಲಿವರ್ ಒಳಗೆ ಸೋಸಿಕೊಂಡು ಆಮೇಲೆ ಹೃದಯಕ್ಕೆ ಹೋಗುತ್ತೆ. ಗುದನಾಳದ ಮೇಲ್ಭಾಗದ ರಕ್ತನೂ ಹಾಗೇ ಲಿವರ್ ಕಡೆಗೇ ಹೋಗೋದು. ಆದ್ರೆ ಕೆಳಭಾಗದ ರಕ್ತ ಲಿವರ್‌ನ ತಂಟೆಗೇ ಹೋಗದೆ ಬೇರೆ ದಾರೀಲಿ ನೇರ ಹೃದಯ ಸೇರುತ್ತೆ. ಈ ಎರಡು ದಾರಿ ಕೂಡೋ ಕಡೆ ಸಣ್ಣ ಸಣ್ಣ ನಾಳಗಳಿವೆ, ಮಾಮೂಲಿ ಹೊತ್ತಲ್ಲಿ ಅವುಗಳಲ್ಲಿ ಅಂಥ ಹರಿವೇನೂ ಇರಲ್ಲ. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ ರಕ್ತ ಒಳಗೆ ನುಗ್ಗೋಕೆ ಆಗದೆ ಇದ್ದಾಗ, ಮಳೆಗಾಲದಲ್ಲಿ ರಾಜಕಾಲುವೆ ಕಟ್ಟಿಕೊಂಡ್ರೆ ನೀರು ಹಿಂದಕ್ಕೆ ತಿರುಗಿ ಸಿಕ್ಕಿದ ಅಡ್ಡರಸ್ತೆಗೆಲ್ಲ ನುಗ್ಗೋ ಹಾಗೆ, ರಕ್ತ ಹಿಂದಕ್ಕೆ ತಿರುಗಿ ಈ ಸಣ್ಣ ನಾಳಗಳಿಗೆ ನುಗ್ಗುತ್ತೆ, ಅವು ಊದಿಕೊಂಡ್ರೆ ಅದೇ ವೇರಿಸಸ್. ಪೋರ್ಟಲ್ ದಾರೀಲಿ ಕವಾಟಗಳಿಲ್ಲ, ಅದಕ್ಕೇ ಹಿಂದಕ್ಕೆ ಹರಿಯೋದನ್ನ ತಡೆಯೋಕೆ ಏನೂ ಇಲ್ಲ. ಲಿವರ್‌ಗೆ ಬರೋ ನಾಳಕ್ಕೂ ಅದರಿಂದ ಹೊರಡೋ ನಾಳಕ್ಕೂ ಇರೋ ಒತ್ತಡದ ವ್ಯತ್ಯಾಸ ಆರೋಗ್ಯವಂತರಲ್ಲಿ 5 ಮಿಲಿಮೀಟರ್ ಪಾದರಸದ ಒಳಗೇ ಇರುತ್ತೆ, ಅದು 10 ದಾಟಿದ ಮೇಲೆ ವೇರಿಸಸ್ ಬೆಳೆಯೋಕೆ ಶುರು, 12 ದಾಟಿದ ಮೇಲೆ ಒಡೆಯೋ ಅಪಾಯ. ಅನ್ನನಾಳದಲ್ಲಿ ನಿಮ್ಮ ತಂದೆಗೆ ಆಗಿದ್ದೂ ಇದೇ, ಅಲ್ಲಿ ಮೇಲಿನ ಅಡ್ಡರಸ್ತೆ, ಇಲ್ಲಿ ಕೆಳಗಿನ ಅಡ್ಡರಸ್ತೆ ಅಷ್ಟೇ. ಹೋದ ವರ್ಷ ಬ್ಯಾಂಡ್ ಹಾಕಿ ಮೇಲಿನ ನಾಳ ಮುಚ್ಚಿದ್ರು, ಅದು ಸರಿಯಾದ ಚಿಕಿತ್ಸೆನೇ, ಆದ್ರೆ ಒಳಗಿನ ಒತ್ತಡ ಅದರಿಂದ ಕಮ್ಮಿ ಆಗಲ್ಲ, ಕೆಲವರಲ್ಲಿ ಆಮೇಲೆ ಬೇರೆ ಕಡೆ ನಾಳ ಊದಿಕೊಳ್ಳೋದು ಉಂಟು.

ಮನೇಲಿ ಕೂತು ರಕ್ತ ನೋಡಿ ಇದು ಇಂಥದ್ದೇ ಅಂತ ಹೇಳೋಕಾಗುತ್ತಾ ಅಂದ್ರೆ, ಆಗಲ್ಲ. ಎರಡರಲ್ಲೂ ನೋವಿರಲ್ಲ, ಎರಡರಲ್ಲೂ ರಕ್ತ ಕೆಂಪಗೇ ಇರುತ್ತೆ. ಪೈಲ್ಸ್ ಆದ್ರೆ ಸಾಮಾನ್ಯವಾಗಿ ಮೋಷನ್ ಆದ ಮೇಲೆ ತೊಟ್ಟು ತೊಟ್ಟಾಗಿ ಬೀಳುತ್ತೆ ಇಲ್ಲಾ ಬೇಸಿನ್‌ಗೆ ಚಿಮ್ಮುತ್ತೆ, ಕೆಲವರಿಗೆ ಗಡ್ಡೆ ಹೊರಗೆ ಬಂದು ಬೆರಳಲ್ಲಿ ಒಳಗೆ ತಳ್ಳಿಕೊಳ್ಳಬೇಕಾಗುತ್ತೆ. ವೇರಿಸಸ್ ಆದ್ರೆ ಹಾಗೆ ಹೊರಗೆ ಜಾರಲ್ಲ, ಮಲನೇ ಇಲ್ಲದೆ ಬರೀ ರಕ್ತ, ಹೆಪ್ಪುಗಟ್ಟಿದ ಮುದ್ದೆಗಳ ಜೊತೆ ಹೋಗಬಹುದು. ಆದ್ರೆ ವೇರಿಸಸ್ ಕೂಡ ಶುರುವಲ್ಲಿ ಸ್ವಲ್ಪ ಸ್ವಲ್ಪನೇ ಜಿನುಗಬಹುದು, ಆಗ ಪೈಲ್ಸ್ ತರಾನೇ ಕಾಣೋದು. ಹಾಗಾಗಿ ರಕ್ತ ಕಮ್ಮಿ ಹೋಗ್ತಿದೆ, ಪೈಲ್ಸೇ ಇರಬೇಕು ಅಂತ ಸಮಾಧಾನ ಮಾಡ್ಕೋಬೇಡಿ.

ಡಾಕ್ಟರ್ ಕೈಯಲ್ಲಿ ಗೊತ್ತಾಗುತ್ತೆ, ಆದ್ರೆ ಅವರು ಹುಡುಕಬೇಕು ಅಂತ ಮನಸ್ಸಲ್ಲಿಟ್ಟುಕೊಂಡು ನೋಡಬೇಕು. ಮಲದ್ವಾರದ ಹತ್ರ ಕಾಣೋ ಊತವನ್ನ ಬೆರಳಿಂದ ಒತ್ತಿದ್ರೆ ವೇರಿಸಸ್ ಪೂರ್ತಿ ಖಾಲಿಯಾಗಿ ಚಪ್ಪಟೆ ಆಗಿಬಿಡುತ್ತೆ, ಬೆರಳು ತೆಗೆದ ತಕ್ಷಣ ಕಣ್ಮುಂದೆನೇ ತುಂಬಿಕೊಳ್ಳುತ್ತೆ, ಪೈಲ್ಸ್ ಹಾಗೆ ಖಾಲಿ ಆಗಿ ತುಂಬಲ್ಲ. ಇದು ಕೆಳಗೆ ಇರೋದರ ಮಾತು. ಗುದನಾಳದ ಮೇಲ್ಭಾಗದಲ್ಲಿ ಇರೋ ವೇರಿಸಸ್ ಎಷ್ಟು ಮೆತ್ತಗಿರುತ್ತೆ ಅಂದ್ರೆ ಬೆರಳು ಹಾಕಿ ನೋಡಿದ್ರೆ ಕೈಗೇ ಸಿಗದೆ ಇರಬಹುದು. ಕ್ಲಿನಿಕ್‌ಗಳಲ್ಲಿ ಬಳಸೋ ಪ್ರೊಕ್ಟೋಸ್ಕೋಪ್ ಗಿಡ್ಡ ಕೊಳವೆ, ಅದರಲ್ಲಿ ಬಾಗಿಲ ಹತ್ರ ಇರೋದು ಕಾಣುತ್ತೆ, ಮೇಲಿರೋದು ಕಾಣಲ್ಲ. ಅಲ್ಲಿ ಒಂದು ಸಣ್ಣ ಪೈಲ್ಸ್ ಕಂಡ್ರೆ, ನಮ್ಮ ವಯಸ್ಸಿನೋರಲ್ಲಿ ಕಾಣದೆ ಇರೋದೇ ಅಪರೂಪ, ಸರಿ ಇದೇ ಕಾರಣ ಅಂತ ಅಲ್ಲಿಗೇ ನಿಲ್ಲಿಸಿಬಿಡ್ತಾರೆ. ತಪ್ಪು ದಾರಿ ಹಿಡಿಯೋದು ಹೆಚ್ಚಾಗಿ ಇದೇ ಜಾಗದಲ್ಲಿ.

ಸರಿಯಾಗಿ ನೋಡೋಕೆ ಎನಿಮಾ ಕೊಟ್ಟು ಕ್ಲೀನ್ ಮಾಡಿ ಸಿಗ್ಮಾಯ್ಡೋಸ್ಕೋಪಿ ಮಾಡಬೇಕು, ಅಂದ್ರೆ ಕ್ಯಾಮೆರಾ ಇರೋ ಕೊಳವೇಲಿ ದೊಡ್ಡ ಕರುಳಿನ ಕೆಳಭಾಗ ನೋಡೋದು, ಅಥವಾ ದೊಡ್ಡ ಕರುಳನ್ನ ಪೂರ್ತಿ ನೋಡೋ ಕೊಲನೋಸ್ಕೋಪಿ. ವೇರಿಸಸ್ ಆದ್ರೆ ನೀಲಿ ಬೂದು ಬಣ್ಣದಲ್ಲಿ ಹಾವಿನ ಹಾಗೆ ಅಂಕುಡೊಂಕಾಗಿ ಮೇಲಕ್ಕೆ ಹರಿದಿರೋದು ಕಾಣುತ್ತೆ, ಮಲದ್ವಾರದ ಅಂಚಿನಿಂದ 4 ಸೆಂಟಿಮೀಟರಿಗಿಂತ ಮೇಲೂ ಇರುತ್ತೆ, ಪೈಲ್ಸ್ ಅಷ್ಟು ಮೇಲಕ್ಕೆ ಹೋಗಲ್ಲ. ನೋಡುವಾಗ ಒಂದು ಎಚ್ಚರಿಕೆ ಬೇಕು, ಗಾಳಿ ತುಂಬಾ ತುಂಬಿದ್ರೆ ಕರುಳು ಹಿಗ್ಗಿ ನಾಳಗಳು ಚಪ್ಪಟೆ ಆಗಿ ಮರೆಯಾಗ್ತವೆ, ಅದಕ್ಕೆ ಗಾಳಿ ಹೀರಿ ತೆಗೆದು ಸ್ಕೋಪನ್ನ ನಿಧಾನವಾಗಿ ಹಿಂದಕ್ಕೆ ಎಳೀತಾ ನೋಡಬೇಕು. ಡೌಟಿದ್ರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಡಾಪ್ಲರ್ ಹಾಕಿ ರಕ್ತ ಹರಿಯೋದನ್ನೇ ನೋಡಬಹುದು. ನೀಲಿಯಾಗಿ ಉಬ್ಬಿರೋದನ್ನ ಪಾಲಿಪ್ ಅನ್ನೋ ಗಂಟು ಅಂದ್ಕೊಂಡು ಬಯಾಪ್ಸಿಗೆ ಚಿವುಟಿಬಿಟ್ರೆ ದೊಡ್ಡ ರಂಪ ಆಗುತ್ತೆ, ಸಿರೋಸಿಸ್ ವಿಷ್ಯ ಸ್ಕೋಪ್ ಮಾಡೋರಿಗೆ ಗೊತ್ತಿರಲೇಬೇಕು ಅನ್ನೋದು ಅದಕ್ಕೇ. ಕೊಲನೋಸ್ಕೋಪಿಯಿಂದ ಇನ್ನೊಂದು ಲಾಭ, ಈ ವಯಸ್ಸಲ್ಲಿ ರಕ್ತ ಹೋಗ್ತಿದೆ ಅಂದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಇಲ್ಲ ಅಂತನೂ ಖಾತ್ರಿ ಮಾಡ್ಕೋಬೇಕಲ್ಲ.

ಈಗ ಈ ವ್ಯತ್ಯಾಸ ಯಾಕೆ ಪ್ರಾಣದ ಪ್ರಶ್ನೆ ಅಂತ. ಪೈಲ್ಸ್‌ನಲ್ಲಿ ಕಾಯಿಲೆ ಇರೋದು ಆ ದಿಂಡಿನಲ್ಲೇ, ಅದನ್ನ ಕಟ್ಟಿದ್ರೆ, ಸುಟ್ಟರೆ, ಕತ್ತರಿಸಿದ್ರೆ ಮುಗೀತು. ವೇರಿಸಸ್‌ನಲ್ಲಿ ಕಾಣೋ ಉಬ್ಬು ಬರೀ ತುದಿ, ಹಿಂದೆ ಇಡೀ ಪೋರ್ಟಲ್ ದಾರಿಯ ಒತ್ತಡ ಇದೆ. ತೆಳು ಗೋಡೆಯ ನಾಳಕ್ಕೆ ತೂತು ಬಿದ್ರೆ ಆ ಒತ್ತಡವೆಲ್ಲ ಅಲ್ಲೇ ಹೊರಗೆ ಬರುತ್ತೆ. ರಬ್ಬರ್ ಬ್ಯಾಂಡ್ ಹಾಕಿದ್ರೆ ತಕ್ಷಣ ಏನೂ ಆಗದೆ ಇರಬಹುದು, ಆದ್ರೆ ಬ್ಯಾಂಡ್ ಹಾಕಿದ ತುಂಡು ಕೆಲವು ದಿನ ಬಿಟ್ಟು ಕಳಚಿ ಬಿದ್ದು ಅಲ್ಲೊಂದು ಹುಣ್ಣು ಉಳಿಯುತ್ತೆ, ಹುಣ್ಣಿನ ತಳದಲ್ಲಿ ಅಗಲವಾದ ನಾಳ ಇದ್ರೆ ಅದು ಬಾಯಿ ಬಿಡುತ್ತೆ. ಅನ್ನನಾಳದಲ್ಲಿ ಬ್ಯಾಂಡ್ ಕೆಲಸ ಮಾಡಿತಲ್ಲ, ಇಲ್ಲಿ ಯಾಕಾಗಲ್ಲ ಅಂತ ಎಲ್ಲರೂ ಕೇಳ್ತಾರೆ. ಬ್ಯಾಂಡ್ ಕೆಲಸ ಮಾಡೋದು ನಾಳ ಪೂರ್ತಿಯಾಗಿ ಸ್ಕೋಪಿನ ತುದೀಲಿರೋ ಸಣ್ಣ ಟೋಪಿಯೊಳಗೆ ಬಂದ್ರೆ ಮಾತ್ರ, ಗುದನಾಳದಲ್ಲಿ ಎಷ್ಟೋ ಸಲ ನಾಳ ದಪ್ಪ ಇದ್ದು ಅರ್ಧ ಮಾತ್ರ ಸಿಕ್ಕಿಕೊಳ್ಳುತ್ತೆ. ಸಣ್ಣ ವೇರಿಸಸ್‌ಗೆ ಅನುಭವ ಇರೋರು ಬ್ಯಾಂಡ್ ಹಾಕೋದೂ ಉಂಟು, ಅದು ಏನು ಅಂತ ತಿಳಿದು, ತಯಾರಿ ಇಟ್ಟುಕೊಂಡು ಹಾಕೋದು. ಪೈಲ್ಸ್ ಅಂದ್ಕೊಂಡು ಹಾಕೋದು ಬೇರೆ.

ಒಬ್ಬರ ವಿಷ್ಯ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಿಸಿದೀನಿ. ಪೀಣ್ಯದಲ್ಲಿ ಲೇತ್ ಕೆಲಸ ಮಾಡ್ತಿದ್ದವರು, ಐವತ್ತರ ಆಸುಪಾಸು, ಕುಡಿತ ಇಲ್ಲ, ಸಕ್ಕರೆ ಕಾಯಿಲೆ ಮತ್ತು ಫ್ಯಾಟಿ ಲಿವರ್‌ನಿಂದ ಸಿರೋಸಿಸ್ ಆಗಿತ್ತು. ಕೆಲವು ತಿಂಗಳಿಂದ ಅಷ್ಟಿಷ್ಟು ರಕ್ತ ಹೋಗ್ತಿತ್ತು, ಒಂದು ಕಡೆ ಪೈಲ್ಸ್ ಅಂತ ಬ್ಯಾಂಡ್ ಹಾಕಿದ್ರು. ಶುಗರ್ ಇದೆಯಾ ಬಿಪಿ ಇದೆಯಾ ಅಂತ ಕೇಳಿದಾರೆ, ಲಿವರ್ ವಿಷ್ಯ ಅವರು ಕೇಳಿಲ್ಲ ಇವರು ಹೇಳಿಲ್ಲ. ಒಂದು ವಾರದ ಮೇಲೆ ರಾತ್ರಿ ಮೋಷನ್ ಬಂದ ಹಾಗಾಗಿ ಹೋದ್ರೆ ಬರೀ ರಕ್ತ, ಮುದ್ದೆ ಮುದ್ದೆಯಾಗಿ, ಮತ್ತೆ ಮತ್ತೆ, ಮೂರನೇ ಸಲ ಟಾಯ್ಲೆಟ್‌ನಲ್ಲೇ ತಲೆ ಸುತ್ತಿ ಬಿದ್ರು. ನಮ್ಮ ಹತ್ರ ಬಂದಾಗ ಬಿಪಿ 84, ನಾಡಿ 124, ಹಿಮೊಗ್ಲೋಬಿನ್ 6.1, ಪ್ಲೇಟ್ಲೆಟ್ 62 ಸಾವಿರ.

ಇಲ್ಲಿಂದ ಮುಂದೆ ಮಾಡಿದ ಒಂದೊಂದು ಹೆಜ್ಜೆನೂ ಪೈಲ್ಸ್‌ಗೆ ಮಾಡೋದಕ್ಕಿಂತ ಬೇರೆ. ಎರಡು ಕೈಗೂ ಲೈನ್ ಹಾಕಿ, ಪೋರ್ಟಲ್ ಒತ್ತಡ ಇಳಿಸೋ ಆಕ್ಟ್ರಿಯೊಟೈಡ್ ಡ್ರಿಪ್ ಶುರು ಮಾಡಿದ್ವಿ, ಸಿರೋಸಿಸ್‌ನಲ್ಲಿ ರಕ್ತಸ್ರಾವ ಆದ್ರೆ ಇನ್‌ಫೆಕ್ಷನ್ ಬೆನ್ನ ಹಿಂದೆನೇ ಬರುತ್ತೆ ಅಂತ ಸೆಫ್ಟ್ರಿಯಾಕ್ಸೋನ್ ದಿನಕ್ಕೆ 1 ಗ್ರಾಂ ಕೊಟ್ವಿ. ರಕ್ತ ಕೊಟ್ವಿ, ಆದ್ರೆ ಹಿಮೊಗ್ಲೋಬಿನ್ 7ರಿಂದ 8ರ ತನಕ ಮಾತ್ರ. ಮನೆಯವರು ಬೇಜಾರು ಮಾಡ್ಕೊಂಡ್ರು, ಸರ್ ಇಷ್ಟು ರಕ್ತ ಹೋಗಿದೆ 12ಕ್ಕೆ ತನ್ನಿ ಅಂತ. ಆದ್ರೆ ಜಾಸ್ತಿ ತುಂಬಿದ್ರೆ ಪೋರ್ಟಲ್ ಒತ್ತಡನೂ ಏರಿ ನಿಂತ ರಕ್ತ ಮತ್ತೆ ಶುರು ಆಗುತ್ತೆ. ರಕ್ತ ಹೆಪ್ಪುಗಟ್ಟೋದು ಎಷ್ಟು ತಡ ಆಗುತ್ತೆ ಅಂತ ತೋರಿಸೋ ಐಎನ್‌ಆರ್ 1.7 ಇತ್ತು ಅಂತ ಪ್ಲಾಸ್ಮಾ ಬಾಟ್ಲಿಗಳನ್ನ ಸುರೀಲಿಲ್ಲ, ಅದೇ ಕಾರಣಕ್ಕೆ. ಸಿರೋಸಿಸ್‌ನಲ್ಲಿ ಆ ನಂಬರ್ ರಕ್ತ ಎಷ್ಟು ಸೋರುತ್ತೆ ಅನ್ನೋದನ್ನ ಸರಿಯಾಗಿ ಹೇಳಲ್ಲ, ಸೋರ್ತಿರೋದು ಒತ್ತಡದಿಂದ.

ಸ್ವಲ್ಪ ಸುಧಾರಿಸಿದ ಮೇಲೆ ಮೊದ್ಲು ಹಾಕಿದ್ದು ಬಾಯಿಂದ ಎಂಡೋಸ್ಕೋಪ್. ರಕ್ತ ಕೆಳಗೆ ಹೋಗ್ತಿದ್ರೆ ಮೇಲೆ ಯಾಕೆ ನೋಡ್ತೀರಾ ಅಂತ ಕೇಳಬಹುದು. ಅನ್ನನಾಳದ ವೇರಿಸಸ್ ಜೋರಾಗಿ ಒಡೆದ್ರೆ ರಕ್ತ ಕಪ್ಪಾಗೋಕೆ ಟೈಮೇ ಸಿಗದೆ ಕೆಂಪಾಗೇ ಕೆಳಗೆ ಬಂದುಬಿಡುತ್ತೆ, ಅದನ್ನ ಬಿಟ್ಟು ಕೆಳಗೆ ಮಾತ್ರ ಹುಡುಕಿದ್ರೆ ಅನಾಹುತ. ಅವರಿಗೆ ಮೇಲೆ ರಕ್ತ ಇರಲಿಲ್ಲ. ಆಮೇಲೆ ಸಿಗ್ಮಾಯ್ಡೋಸ್ಕೋಪಿ, ನೀರು ಹಾಯಿಸಿ ಹೆಪ್ಪುಗಟ್ಟಿದ್ದನ್ನೆಲ್ಲ ತೊಳೆದಾಗ ಬ್ಯಾಂಡ್ ಬಿದ್ದ ಜಾಗದಲ್ಲಿ ಒಂದು ಹುಣ್ಣು, ಅದರ ಮಧ್ಯದಿಂದ ರಕ್ತ ಒಂದೇ ಸಮನೆ ಉಕ್ಕುತ್ತಿತ್ತು, ಅದರ ಮೇಲೆ 10 ಸೆಂಟಿಮೀಟರ್ ತನಕ ಬೆರಳು ಗಾತ್ರದ ನೀಲಿ ನಾಳಗಳು. ನಾಳದೊಳಗೆ ಸೈನೋಅಕ್ರಿಲೇಟ್ ಅನ್ನೋ ಅಂಟು ಇಂಜೆಕ್ಟ್ ಮಾಡಿದ್ವಿ, ರಕ್ತ ತಾಗಿದ ಕೂಡ್ಲೇ ಗಟ್ಟಿಯಾಗಿ ನಾಳವನ್ನ ಒಳಗಿಂದ ಮುಚ್ಚುತ್ತೆ. ನಿಂತುಹೋಯ್ತು.

ಮಾರನೇ ದಿನ ಮಂಪರು, ಕೇಳಿದ್ದಕ್ಕೆ ತಡವಾಗಿ ಉತ್ತರ, ಕೈ ಚಾಚಿದ್ರೆ ಅಂಗೈ ತಟಪಟ ಬಡಿಯೋದು. ಕರುಳಲ್ಲಿ ಉಳಿದ ರಕ್ತ ಜೀರ್ಣ ಆಗಿ ಅಮೋನಿಯಾ ಏರಿ ಮೆದುಳಿಗೆ ಹತ್ತಿತ್ತು, ಲ್ಯಾಕ್ಟುಲೋಸ್ ಎನಿಮಾ ಕೊಟ್ಟು ಕರುಳು ಖಾಲಿ ಮಾಡಿಸಿದ ಮೇಲೆ ಎಚ್ಚರ ಆದ್ರು. ಆದ್ರೆ ಇನ್ನೂ ಆಸ್ಪತ್ರೇಲಿ ಇದ್ದಾಗಲೇ ಇನ್ನೊಂದ್ಸಲ ರಕ್ತ ಬಂತು. ಕಾಮಾಲೆ ಅಳೆಯೋ ಬಿಲಿರುಬಿನ್ ಅಷ್ಟೇನೂ ಏರಿರಲಿಲ್ಲ, ಹೃದಯ ಚೆನ್ನಾಗಿತ್ತು, ಹಾಗಾಗಿ ಟಿಪ್ಸ್ ಮಾಡಿಸಿದ್ವಿ. ಕತ್ತಿನ ನಾಳದಿಂದ ತಂತಿ ಇಳಿಸಿ, ಲಿವರ್ ಮಧ್ಯದಲ್ಲೇ ಪೋರ್ಟಲ್ ವೇನ್‌ಗೂ ಹೃದಯದ ಕಡೆ ಹೋಗೋ ನಾಳಕ್ಕೂ ಒಂದು ಸ್ಟೆಂಟ್ ಇಟ್ಟು ಅಡ್ಡದಾರಿ ಮಾಡಿಕೊಡೋದು. ಒತ್ತಡದ ವ್ಯತ್ಯಾಸ 19 ಇದ್ದದ್ದು 8ಕ್ಕೆ ಇಳೀತು, ಗುದನಾಳಕ್ಕೆ ರಕ್ತ ನುಗ್ಗಿಸ್ತಿದ್ದ ನಾಳಕ್ಕೆ ಕಾಯಿಲ್ ಅನ್ನೋ ಸಣ್ಣ ತಂತಿ ಸುರುಳಿ ಇಟ್ಟು ಮುಚ್ಚಿದ್ರು. ಆಮೇಲೆ ರಕ್ತ ಬರಲಿಲ್ಲ. ಟಿಪ್ಸ್ ಎಲ್ಲರಿಗೂ ಆಗಲ್ಲ, ಕಾಮಾಲೆ ತುಂಬಾ ಇರೋರಿಗೆ, ಹೃದಯ ವೀಕ್ ಇರೋರಿಗೆ ಮಾಡಿದ್ರೆ ಕೆಡುತ್ತೆ, ಮಾಡಿದ ಮೇಲೆ ಮಂಪರು ಜಾಸ್ತಿ ಆಗೋದೂ ಇದೆ, ಇವರಿಗೂ ಲ್ಯಾಕ್ಟುಲೋಸ್ ಕಾಯಂ ಆಯ್ತು.

ನಿಮ್ಮ ತಂದೆಗೆ ಇಷ್ಟೆಲ್ಲ ಆಗುತ್ತೆ ಅಂತ ಹೆದರಿಸ್ತಿಲ್ಲ. ಗುದನಾಳದ ವೇರಿಸಸ್ ಇರೋ ಬಹಳಷ್ಟು ಜನರಿಗೆ ಅದು ಒಡೆಯೋದೇ ಇಲ್ಲ. ಸ್ಕೋಪ್ ಮಾಡಿ ಪೈಲ್ಸೇ ಅಂತ ಗೊತ್ತಾದ್ರೆ ಸಿರೋಸಿಸ್ ಇದ್ರೂ ಚಿಕಿತ್ಸೆ ಇದೆ, ಮೊದ್ಲು ಮಲ ಮೆತ್ತಗೆ ಮಾಡೋದು, ಬೆಚ್ಚಗಿನ ನೀರಲ್ಲಿ ಕೂರೋದು, ಇಷ್ಟರಲ್ಲೇ ಎಷ್ಟೋ ಜನರಿಗೆ ನಿಲ್ಲುತ್ತೆ. ನಿಲ್ಲದೆ ಇದ್ರೆ ಬ್ಯಾಂಡ್ ಬೇಕೋ ಇಂಜೆಕ್ಷನ್ ಬೇಕೋ ಅಂತ ಲಿವರ್ ಡಾಕ್ಟರ್ ಮತ್ತು ಸರ್ಜನ್ ಸೇರಿ ನಿರ್ಧಾರ ಮಾಡ್ತಾರೆ, ರಾತ್ರಿ ಹೊತ್ತಲ್ಲೂ ಎಂಡೋಸ್ಕೋಪಿ ಮತ್ತು ಬ್ಲಡ್ ಬ್ಯಾಂಕ್ ಸಿಗೋ ಆಸ್ಪತ್ರೇಲೇ ಮಾಡ್ತಾರೆ. ಹೊಟ್ಟೇಲಿ ನೀರು ತುಂಬಿರೋರಿಗೆ ಪೈಲ್ಸ್ ಕತ್ತರಿಸೋ ಆಪರೇಷನ್ ನನ್ನ ಪ್ರಕಾರ ಬೇಡವೇ ಬೇಡ, ಅರಿವಳಿಕೆಯ ಅಪಾಯ ಒಂದು ಕಡೆ, ಗಾಯ ಮಾಯದೆ ಇನ್‌ಫೆಕ್ಷನ್ ಆಗೋದು ಇನ್ನೊಂದು ಕಡೆ.

ಇನ್ನು ಈ ವಾರ ಮಾಡಬೇಕಾದ್ದು. ಹೋದ ವರ್ಷ ಬ್ಯಾಂಡ್ ಹಾಕಿದ ಡಾಕ್ಟರ್ ಹತ್ರನೇ ಒಂದೆರಡು ದಿನದೊಳಗೆ ಹೋಗಿ, ಅವರು ಸಿಗದೆ ಇದ್ರೆ ಗ್ಯಾಸ್ಟ್ರೋಎಂಟರಾಲಜಿ ವಿಭಾಗ ಇರೋ ಯಾವುದಾದ್ರೂ ದೊಡ್ಡ ಆಸ್ಪತ್ರೆ ಆದೀತು. ಖರ್ಚಿನ ಯೋಚನೆ ಇದ್ರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಕಾರ್ವಿಡಿಲಾಲ್ ಅಥವಾ ಪ್ರೊಪ್ರನಲಾಲ್ ಮಾತ್ರೆ ತಗೊಳ್ತಿದ್ರೆ ನೀವಾಗೇ ನಿಲ್ಲಿಸಬೇಡಿ, ಒತ್ತಡ ಕಮ್ಮಿ ಇಡ್ತಿರೋದು ಅದೇ. ಎಷ್ಟೋ ಜನ ಬ್ಯಾಂಡ್ ಆದ್ಮೇಲೆ ಆರಾಮಿದೀನಿ ಅಂತ ಅದನ್ನ ಬಿಟ್ಟಿರ್ತಾರೆ, ಅಪ್ಪನೂ ಬಿಟ್ಟಿದಾರಾ ಅಂತ ಕೇಳಿ ನೋಡಿ, ಬಿಟ್ಟಿದ್ರೆ ಡಾಕ್ಟರಿಗೆ ಹೇಳಿ. ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟಿದ್ರೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮೋಷನ್ ಆಗೋ ಹಾಗೆ ಸರಿಯಾಗಿ ಕೊಡಿ, ಮುಕ್ಕೋಕೆ ಬಿಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಇರೋ ನೋವಿನ ಮಾತ್ರೆ ಯಾವುದೂ ಬೇಡ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದ ಹಾಗೆ ಸಾಕು. ಮೂಲವ್ಯಾಧಿ ಪುಡಿ, ಲೇಹ್ಯ ಅಂತ ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ರೂ ಇವರಿಗೆ ಕೊಡಬೇಡಿ, ಒಳಗೆ ಏನಿದೆ ಅಂತ ಗೊತ್ತಿಲ್ಲದ ಪುಡಿಗಳಿಂದ ಸಿರೋಸಿಸ್ ಲಿವರ್ ಕೆಟ್ಟು ಅಡ್ಮಿಟ್ ಆಗೋರನ್ನ ನಾವು ನೋಡ್ತಾನೇ ಇರ್ತೀವಿ.

ಮುದ್ದೆ ಮುದ್ದೆಯಾಗಿ ರಕ್ತ ಹೋದ್ರೆ, ಮಲ ಇಲ್ಲದೆ ಬರೀ ರಕ್ತ ಹೋದ್ರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದ್ರೆ, ಮೈ ತಣ್ಣಗಾಗಿ ಬೆವರಿದ್ರೆ, ಮಲ ಟಾರಿನ ಹಾಗೆ ಕಪ್ಪಾದ್ರೆ, ರಾತ್ರಿ ಎಚ್ಚರ ಹಗಲು ನಿದ್ದೆ ಆಗಿ ಮಾತು ತೊದಲಿದ್ರೆ, ಅಪಾಯಿಂಟ್‌ಮೆಂಟ್ ಕಾಯಬೇಡಿ, 108ಕ್ಕೆ ಫೋನ್ ಮಾಡಿ ನೇರ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ಅಲ್ಲಿ ಪೈಲ್ಸ್ ರಕ್ತ ಅಂತ ಹೇಳಬೇಡಿ, ಸಿರೋಸಿಸ್ ಇದೆ, ಅನ್ನನಾಳಕ್ಕೆ ಬ್ಯಾಂಡ್ ಆಗಿದೆ, ಕೆಳಗೆ ರಕ್ತ ಹೋಗ್ತಿದೆ ಅಂತ ಹೇಳಿ. ಪೈಲ್ಸ್ ಅಂದ್ರೆ ಸಾಲಿನಲ್ಲಿ ಹಿಂದೆ ಕೂರಿಸ್ತಾರೆ, ಸಿರೋಸಿಸ್ ಅಂದ್ರೆ ಮುಂದೆ ಕರೀತಾರೆ. ಹೋದ ವರ್ಷದ ಎಂಡೋಸ್ಕೋಪಿ ರಿಪೋರ್ಟ್, ಹೊಟ್ಟೆ ಸ್ಕ್ಯಾನ್, ಈಗ ತಗೊಳ್ತಿರೋ ಮಾತ್ರೆಗಳ ಪಟ್ಟಿ, ಬ್ಲಡ್ ಗ್ರೂಪ್ ಇವಿಷ್ಟನ್ನ ಒಂದು ಕವರಲ್ಲಿ ಹಾಕಿ ಕೈಗೆ ಸಿಗೋ ಕಡೆ ಇಟ್ಟಿರಿ. ಒಪಿಡಿಗೆ ಹೋಗುವ ದಿನ ಹಿಮೊಗ್ಲೋಬಿನ್ ಮತ್ತು ಪ್ಲೇಟ್ಲೆಟ್ ಮಾಡಿಸಿಕೊಂಡೇ ಹೋದ್ರೆ ಒಂದು ದಿನ ಉಳಿಯುತ್ತೆ.